ಬಣ್ಣದ ಬಿಲ್ಲಿನಲ್ಲಿ ಹೋದ ಆರು ಸಾವಿರ

ಅಪಘಾತಕ್ಕೆ ಸಿಕ್ಕ ಕಾರು ರಿಪೇರಿಯಾಗಿ ಬರುತ್ತದೆ, ವಿಮೆಯ ಹಣ ಮಾತ್ರ ಬಿಲ್ಲಿಗಿಂತ ಬಹಳ ಕಡಿಮೆ ಬರುತ್ತದೆ. ಕಾರಣ ಕೇಳಿದರೆ ಒಂದೇ ಉತ್ತರ: ‘ಡಿಪ್ರಿಸಿಯೇಷನ್ ಸಾರ್, ಸರ್ವೇಯರ್ ರಿಪೋರ್ಟ್‌ನಲ್ಲಿದೆ.’ ಹಳೆಯ ಬಿಡಿಭಾಗ ತೆಗೆದು ಹೊಸದು ಹಾಕಿದಾಗ ಸವಕಳಿ ಕಳೆಯುವುದು ನ್ಯಾಯವೇ. ಆದರೆ ಎಷ್ಟು ಕಳೆಯಬೇಕೆಂಬುದು ಸರ್ವೇಯರ್ ಮರ್ಜಿಗೆ ಬಿಟ್ಟದ್ದಲ್ಲ, ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಪತ್ರ ಬರೆಯುವ ಮುನ್ನ ಆ ಪುಟ ತೆರೆದು, ಸರ್ವೇ ವರದಿಯ ಪ್ರತಿ ಕೇಳಿ ಪಡೆದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಬೇಕು.

ಮೂರೂವರೆ ವರ್ಷದ ಒಂದು ಕಾರು ಎನ್ನಿ. ‘ಝೀರೋ ಡೆಪ್’ ತೆಗೆದುಕೊಂಡಿಲ್ಲ. ಬಾನೆಟ್ಟಿಗೆ 12,000, ಪ್ಲಾಸ್ಟಿಕ್ ಬಂಪರಿಗೆ 7,000, ಮುಂದಿನ ಗಾಜಿಗೆ 6,500, ಪೇಂಟಿಂಗಿಗೆ ಒಟ್ಟಾಗಿ 16,000 ರೂಪಾಯಿ ಬಿಲ್ ಆಗಿದೆ. ಬಾನೆಟ್ಟಿನಲ್ಲಿ ಶೇ 25, ಬಂಪರಿನಲ್ಲಿ ಶೇ 50 ಕಳೆದದ್ದು ಸರಿ. ಅದರ ಬಗ್ಗೆ ತಕರಾರು ಎತ್ತಿದರೆ ಪತ್ರದ ತೂಕವೇ ಕಡಿಮೆಯಾಗುತ್ತದೆ. ಗಾಜಿನ ಮೇಲೂ ಶೇ 25 ಕಳೆದಿದ್ದರೆ ಅದು ತಪ್ಪು, ಗಾಜಿಗೆ ಸವಕಳಿಯೇ ಇಲ್ಲ.

ದೊಡ್ಡ ಎಡವಟ್ಟು ಆಗುವುದು ಪೇಂಟಿಂಗಿನಲ್ಲಿ. ಅಲ್ಲಿ ಶೇ 50 ಸವಕಳಿ ಬರುವುದು ಬಣ್ಣದ ಸಾಮಗ್ರಿಗೆ ಮಾತ್ರ, ಕೂಲಿಗಲ್ಲ. ಬಿಲ್ಲಿನಲ್ಲಿ ಎರಡನ್ನೂ ಬೇರೆ ತೋರಿಸದಿದ್ದರೆ ಒಟ್ಟು ಮೊತ್ತದ ಶೇ 25 ಭಾಗವನ್ನು ಸಾಮಗ್ರಿ ಎಂದು ಹಿಡಿಯಬೇಕು. ಅಂದರೆ 16,000ದಲ್ಲಿ ಸಾಮಗ್ರಿ 4,000, ಸವಕಳಿ 2,000. ವರದಿಯಲ್ಲಿ ಇಡೀ ಮೊತ್ತಕ್ಕೆ ಅರ್ಧ ಹಾಕಿ 8,000 ಕಳೆದಿದ್ದರೆ ಮಾಲೀಕನಿಗೆ 6,000 ಖೋತಾ.

ಪತ್ರ ಸರ್ವೇಯರ್‌ಗಲ್ಲ, ಕಂಪನಿಯ ಕ್ಲೇಮ್ಸ್ ವಿಭಾಗದ ವ್ಯವಸ್ಥಾಪಕರಿಗೆ. ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ಅಪಘಾತದ ದಿನಾಂಕ ಬರೆದು ನೇರವಾಗಿ ವಿಷಯಕ್ಕೆ ಬರಬಹುದು:

‘ಮಾನ್ಯರೇ, ಬಾನೆಟ್ ಮತ್ತು ಬಂಪರಿನ ಕಡಿತಕ್ಕೆ ನನ್ನ ಆಕ್ಷೇಪವಿಲ್ಲ. ಪಾಲಿಸಿಯ ಸವಕಳಿ ಷರತ್ತಿನಂತೆ ಗಾಜಿಗೆ ಕಡಿತವಿಲ್ಲದಿದ್ದರೂ ರೂ. 1,625 ಕಳೆಯಲಾಗಿದೆ. ಪೇಂಟಿಂಗಿಗೆ ರೂ. 2,000 ಬದಲು ರೂ. 8,000 ಕಳೆಯಲಾಗಿದೆ. ಲೆಕ್ಕವನ್ನು ಮರುಪರಿಶೀಲಿಸಿ ಬಾಕಿ ರೂ. 7,625 ಪಾವತಿಸಬೇಕಾಗಿ ಕೋರುತ್ತೇನೆ. ಒಪ್ಪದಿದ್ದರೆ, ಯಾವ ಷರತ್ತಿನಡಿ ಕಳೆದಿರಿ ಎಂಬುದನ್ನು ಲಿಖಿತವಾಗಿ ತಿಳಿಸಿ.’

ಕೊನೆಯ ಸಾಲು ಬಿಡಬೇಡಿ, ಮುಂದಿನ ದೂರಿಗೆ ಆ ಉತ್ತರವೇ ಆಧಾರ. ವರದಿಯೇ ಅಂತಿಮ ಎಂದು ಕಂಪನಿ ಹೇಳಿದರೆ ಹೆದರಬೇಕಿಲ್ಲ. ಸರ್ವೇಯರ್ ವರದಿ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ‘ಪೂರ್ಣ ಮತ್ತು ಅಂತಿಮ’ ಎಂಬ ವೋಚರಿಗೆ ಸಹಿ ಕೇಳಿದರೆ, ‘ಆಕ್ಷೇಪಣೆಯೊಂದಿಗೆ’ ಎಂದು ಬರೆದು ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ.

ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.