ಒಂದೇ ಪುಟದಲ್ಲಿ ಶಾಯಿ ಮತ್ತು ಪೆನ್ಸಿಲು

ಗೋವೆಯಲ್ಲಿ ನೆಲೆಸಿದ ಕನ್ನಡ ಮನೆಗಳ ಹಳೆಯ ಟ್ರಂಕುಗಳಲ್ಲಿ ಹಿರಿಯರ ಲೆಕ್ಕದ ವಹಿಗಳು ಇಂದಿಗೂ ದೊರೆಯುವುದುಂಟು. ಮಳೆಗಾಲದ ತೇವಕ್ಕೆ ಅವು ಹಾಳಾಗುವ ಮೊದಲೇ ಪ್ರತಿಮಾಡಿಡಲು ಮಕ್ಕಳು ಮೊಮ್ಮಕ್ಕಳು ತೊಡಗುತ್ತಾರೆ. ಆದರೆ ಶಾಯಿಯ ಬರಹವನ್ನೂ ಪೆನ್ಸಿಲಿನ ತಿದ್ದುಪಡಿಯನ್ನೂ ಬೆರೆಸಿ ಒಂದೇ ಸಮನೆ ಬರೆದುಬಿಟ್ಟರೆ, ಅಕ್ಷರಗಳು ಉಳಿದರೂ ಅರ್ಥ ಕೆಡುತ್ತದೆ.

ವಾಸ್ಕೊ ಕಡೆಯ ಒಂದು ಮನೆಯ ಪುಟವನ್ನು ನಾವು ನೋಡಿದೆವು. ಅಣ್ಣನು ತಮ್ಮನಿಗೆ ಕೊಟ್ಟ ಕೈಗಡದ ಲೆಕ್ಕವದು. ಕಪ್ಪು ಶಾಯಿಯಲ್ಲಿ 40, 25, 35, 20 ಎಂದು ಬರೆದು, ಕೆಳಗೆ ಒಟ್ಟು 120 ರೂಪಾಯಿ ಎಂದಿತ್ತು. ಪೆನ್ಸಿಲಿನಿಂದ 35ನ್ನು ಹೊಡೆದು, ಮೇಲೆ 15 ಎಂದು ಬರೆದಿತ್ತು. ಕೊನೆಯಲ್ಲಿ ನೀಲಿ ಶಾಯಿಯಲ್ಲಿ ‘100 ಸಂದಿತು’ ಎಂದಿತ್ತು. ಮನೆಯವರು ಮಾಡಿದ ಪ್ರತಿಯಲ್ಲಿ ಬಣ್ಣದ ಭೇದವಾಗಲಿ ಹೊಡೆದ 35 ಆಗಲಿ ಇರಲಿಲ್ಲ. ಆದಕಾರಣ ತಮ್ಮನ ಕಡೆಯಿಂದ 20 ರೂಪಾಯಿ ಇನ್ನೂ ಬಾಕಿಯೆಂಬ ಮಾತು ಎರಡು ಮನೆಗಳ ನಡುವೆ ಉಳಿದಿತ್ತು.

ಮೂಲಪುಟವೇ ಇದಕ್ಕೆ ಉತ್ತರ ಹೇಳುತ್ತದೆ. 120 ಎಂಬ ಮೊತ್ತವು 35ನ್ನು ಸೇರಿಸಿಕೊಂಡಿದೆ. ಅಂದರೆ ಕೂಡಿಸಿದಾಗ ಪೆನ್ಸಿಲಿನ 15 ಇನ್ನೂ ಬಂದಿರಲಿಲ್ಲ. 15ನ್ನು ಹಿಡಿದು ಕೂಡಿಸಿದರೆ ಸರಿಯಾಗಿ 100 ಆಗುತ್ತದೆ. ಕಪ್ಪು ಶಾಯಿ ಮೊದಲು, ಪೆನ್ಸಿಲು ಬಳಿಕ, ನೀಲಿ ಶಾಯಿ ಕೊನೆಗೆ ಎಂಬುದೇ ಇಲ್ಲಿ ಹೊಂದುವ ಕ್ರಮ. ಅಣ್ಣನು ಲೆಕ್ಕ ತಿದ್ದಿಕೊಂಡನು. ತಮ್ಮನು ಪೂರ್ತಿ ಸಲ್ಲಿಸಿದನು.

ಪೆನ್ಸಿಲು ಶಾಯಿಯನ್ನು ದಾಟಿದಲ್ಲಿ ಯಾವುದು ಮೇಲಿದೆಯೆಂದು ನೋಡಿ ಕ್ರಮವನ್ನು ಹೇಳಬಹುದೆಂದು ತೋರುತ್ತದೆ. ಆದರೆ ಅದನ್ನು ನೆಚ್ಚುವಂತಿಲ್ಲ. ಪೆನ್ಸಿಲಿನ ಗೆರೆ ಓರೆ ಬೆಳಕಿನಲ್ಲಿ ಮಿನುಗುತ್ತದೆ. ಶಾಯಿಯ ಕೆಳಗಿದ್ದರೂ ಕೆಲವೊಮ್ಮೆ ಮೇಲಿದ್ದಂತೆಯೇ ಕಾಣುತ್ತದೆ. ಹೀಗಾಗಿ ಲೆಕ್ಕದ ಹೊಂದಾಣಿಕೆ, ತಿದ್ದುಪಡಿ ಹಿಡಿದ ಜಾಗ, ಕೈಬರಹ ಇವುಗಳೇ ಹೆಚ್ಚು ನಂಬತಕ್ಕ ಸಾಕ್ಷಿಗಳು. ತಿದ್ದಿದ ಕೈ ಬೇರೆಯದೇ ಇರಬಹುದು. 1917ರಲ್ಲಿ ಆಂಗ್ಲಕವಿ ವಿಲ್ಫ್ರೆಡ್ ಓವೆನ್‌ನ ಹಸ್ತಪ್ರತಿಯ ಮೇಲೆ ಅವನ ಗೆಳೆಯ ಸೀಗ್‌ಫ್ರೀಡ್ ಸಸೂನ್ ತಿದ್ದುಪಡಿ ಮಾಡಿದ್ದನು. ‘ಸತ್ತ ಯುವಕರು’ ಎಂಬರ್ಥದ ಶೀರ್ಷಿಕೆ ‘ಸಾವಿಗೆ ಗುರಿಯಾದ ಯುವಕರು’ ಎಂದಾದದ್ದು ಈ ಗೆಳೆಯನಿಂದ ಎಂದು ಇಂದಿಗೂ ಹೇಳಲಾಗುವುದು ಅಲ್ಲಿಯ ಕೈಬರಹದಿಂದಲೇ.

ಪ್ರತಿಮಾಡುವ ಕ್ರಮ ಸುಲಭವಾದದ್ದು. ಕಪ್ಪು ಶಾಯಿಗೆ ‘ಶಾ1’, ಪೆನ್ಸಿಲಿಗೆ ‘ಪೆ’, ನೀಲಿ ಶಾಯಿಗೆ ‘ಶಾ2’ ಎಂದು ಗುರುತಿಟ್ಟುಕೊಳ್ಳಬೇಕು. ಹೊಡೆದುಹಾಕಿದ್ದನ್ನು ಬಿಡದೆ, ಕಂಸದಲ್ಲಿ ಬರೆಯಬೇಕು: (35 ಶಾ1, ಹೊಡೆದಿದೆ) 15 ಪೆ. ಸಾಲಿನ ನಡುವೆ ಸೇರಿಸಿದ ಮಾತಿಗೆ ಮೂಲದಲ್ಲಿರುವ ಹಂಸಪಾದವನ್ನೇ ಹಾಕಬೇಕು. ಕ್ರಮವು ಖಚಿತವಾಗದಿದ್ದಲ್ಲಿ ‘ಮುಂಚೆಯೋ ಬಳಿಕವೋ ತಿಳಿಯದು’ ಎಂದು ಬರೆದರೆ ಸಾಕು. ಊಹೆಯನ್ನು ನಿಶ್ಚಯದಂತೆ ಬರೆಯಬಾರದು. ಕಪ್ಪು-ಬಿಳುಪು ಝೆರಾಕ್ಸಿನಲ್ಲಿ ಎಲ್ಲವೂ ಒಂದೇ ಕಪ್ಪಾಗುತ್ತದೆ, ತೆಳು ಪೆನ್ಸಿಲು ಮಾಯವಾಗುವುದೂ ಉಂಟು. ಆದುದರಿಂದ ಬಣ್ಣದ ಚಿತ್ರವನ್ನೇ ತೆಗೆದಿಡಬೇಕು. ಮಾಸಿದ ಪೆನ್ಸಿಲಿನ ಗೆರೆಯ ಮೇಲೆ ಹೊಸದಾಗಿ ತಿದ್ದಿ ಬರೆಯುವುದಂತೂ ಸಲ್ಲದು. ಹಾಗೆ ಮಾಡಿದರೆ ನಮ್ಮ ಕೈಯೂ ಆ ಪುಟದ ಸಾಕ್ಷಿಗಳಲ್ಲಿ ಬೆರೆತುಹೋಗುತ್ತದೆ.