ಗೂಡಿನ ಬೆಲೆಯೂ ನಾಳೆಯ ಗೆರೆಯೂ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಸುತ್ತಲಿನ ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯಿಂದಲೂ ಬೆಳೆಗಾರರು ಗೂಡು ತರುತ್ತಾರೆ. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಭತ್ತದಂತೆ ಕಣಜದಲ್ಲಿ ತುಂಬಿ ಕಾಯುವಂತಿಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬರುತ್ತದೆ. ಆಮೇಲೆ ಅದರಿಂದ ಉದ್ದನೆಯ ನೂಲು ಬಾರದು. ಆದ್ದರಿಂದ ಬೆಳೆಗಾರನ ಪ್ರಶ್ನೆ ಚಿಕ್ಕದು, ಆದರೆ ಕಠಿಣವಾದುದು: ಇಂದೇ ಮಾರಲೋ, ಒಂದೆರಡು ದಿನ ತಡೆಯಲೋ?

ಕಳೆದ ದಿನಗಳ ಬೆಲೆಯನ್ನು ನಕ್ಷೆಯಲ್ಲಿ ಗುರುತಿಸಿ, ಅವುಗಳ ನಡುವೆ ಸರಳರೇಖೆಯೊಂದನ್ನು ಎಳೆದು ಮುಂದಕ್ಕೆ ಚಾಚಿದರೆ ನಾಳೆಯ ಅಂದಾಜೊಂದು ದೊರೆಯುತ್ತದೆ. ಲೆಕ್ಕಕ್ಕಾಗಿ ನಾವು ಐದು ದಿನಗಳ ಬೆಲೆಯನ್ನು ಕಲ್ಪಿಸಿಕೊಳ್ಳೋಣ. ಕಿಲೋ ಒಂದಕ್ಕೆ 500, 510, 505, 520, 525 ರೂಪಾಯಿಗಳು. ಇವೆಲ್ಲ ಒಂದೇ ತಳಿಯ ಗೂಡಿನವಾಗಿರಬೇಕು; ದ್ವಿತಳಿ, ಮಿಶ್ರತಳಿಗಳ ಬೆಲೆ ಬೇರೆಬೇರೆಯಾದುದರಿಂದ ಅವನ್ನು ಬೆರೆಸಬಾರದು.

ಇವುಗಳ ಸರಾಸರಿ 512. ಪ್ರತಿದಿನದ ಬೆಲೆ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ನೋಡಿದರೆ −12, −2, −7, 8, 13 ಎಂದಾಗುತ್ತದೆ. ಇವನ್ನು ಕ್ರಮವಾಗಿ −2, −1, 0, 1, 2 ರಿಂದ ಗುಣಿಸಿ ಕೂಡಿದರೆ 60. ಅದನ್ನು 10 ರಿಂದ ಭಾಗಿಸಿದರೆ 6. ಇದು ದಿನವೊಂದರ ಏರಿಕೆ. ಫ್ರಾನ್ಸಿನ ಲಜಾಂದ್ರ್ 1805ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನವೇ ಇದು. ಮೂರನೆಯ ದಿನ, ಅಂದರೆ ನಡುವಣ ದಿನ, ರೇಖೆಯ ಬೆಲೆ 512. ಅಲ್ಲಿಂದ ಮೂರು ಹೆಜ್ಜೆ ಮುಂದಿರುವ ಆರನೆಯ ದಿನಕ್ಕೆ 530, ಏಳನೆಯ ದಿನಕ್ಕೆ 536 ಎಂಬ ಅಂದಾಜು ಬರುತ್ತದೆ. ಗಣಕಯಂತ್ರದ ಹಾಳೆಯಲ್ಲಿ ದಿನಗಳನ್ನು A, ಬೆಲೆಗಳನ್ನು B ಕಂಬದಲ್ಲಿ ಬರೆದು `=FORECAST(6,B2:B6,A2:A6)` ಎಂದು ಕೊಟ್ಟರೂ 530 ಎಂದೇ ಉತ್ತರ.

ಈಗ ಆರನೆಯ ದಿನದ ನಿಜವಾದ ಬೆಲೆ 490ಕ್ಕೆ ಇಳಿಯಿತೆನ್ನೋಣ. ಹಳೆಯ ರೇಖೆಯನ್ನೇ ನಂಬಿ ಕುಳಿತರೆ ಏಳನೆಯ ದಿನ ಇನ್ನೂ 536. ಅದರ ಬದಲು ಮೊದಲ ದಿನವನ್ನು ಬಿಟ್ಟು, ಹೊಸ ಬೆಲೆಯನ್ನು ಸೇರಿಸಿ, ಈಚಿನ ಐದು ದಿನಗಳಿಗೆ ಮತ್ತೆ ರೇಖೆ ಎಳೆಯೋಣ. ಸರಾಸರಿ 510, ಏರಿಕೆಯ ಬದಲು ದಿನಕ್ಕೆ 2 ರೂಪಾಯಿ ಇಳಿಕೆ, ಏಳನೆಯ ದಿನಕ್ಕೆ 504. ಒಂದೇ ದಿನದ ಸುದ್ದಿಯಿಂದ ಅಂದಾಜು 32 ರೂಪಾಯಿ ಕೆಳಗಿಳಿಯಿತು. ಹೊಸ ಬೆಲೆ ಬಂದಾಗಲೆಲ್ಲ ರೇಖೆಯನ್ನು ಹೊಸದಾಗಿ ಎಳೆಯಬೇಕಾದುದು ಇದಕ್ಕಾಗಿಯೇ. ಐದೇ ದಿನಗಳ ರೇಖೆ ಎಷ್ಟು ಚಂಚಲವಾದುದೆಂಬುದೂ ಇದರಿಂದಲೇ ತಿಳಿಯುತ್ತದೆ.

ಇಲ್ಲೊಂದು ಮೋಸದ ಹಳ್ಳವಿದೆ. ಆರನೆಯ ದಿನದ ಬೆಲೆ ಸಿಗಲಿಲ್ಲವೆಂದು ಅಂದಾಜಿನ 530ನ್ನೇ ಬೆಲೆಗಳ ಕಂಬದಲ್ಲಿ ಬರೆದುಬಿಟ್ಟರೇನಾದೀತು? 510, 505, 520, 525, 530ಕ್ಕೆ ಲೆಕ್ಕ ಹಾಕಿ ನೋಡಿ: ಏರಿಕೆ ಮತ್ತೆ 6, ಏಳನೆಯ ದಿನಕ್ಕೆ ಮತ್ತೆ 536! ಮಾರುಕಟ್ಟೆ ಏನನ್ನೂ ಹೇಳಿಲ್ಲ. ರೇಖೆ ತನಗೆ ತಾನೇ ಸಾಕ್ಷಿ ನುಡಿದಿದೆ. ಆದ್ದರಿಂದ ಅಂದಾಜಿಗೆ ಬೇರೆಯದೇ ಕಂಬವಿರಬೇಕು; ಸಿಗದ ಬೆಲೆಯ ಸ್ಥಳ ಖಾಲಿಯಾಗಿಯೇ ಉಳಿಯಬೇಕು.

ನಕ್ಷೆಯಲ್ಲಿಯೂ ಇದೇ ನಿಯಮ. ನಡೆದ ಬೆಲೆಗಳನ್ನು ದಪ್ಪ ಚುಕ್ಕೆಗಳಿಂದ ಗುರುತಿಸಿ ತುಂಬುಗೆರೆಯಿಂದ ಕೂಡಿಸೋಣ. ಅಂದಾಜನ್ನು ತೆಳುವಾದ ತುಂಡುಗೆರೆಯಲ್ಲಿ ಎಳೆದು ಪಕ್ಕದಲ್ಲೇ ‘ಅಂದಾಜು’ ಎಂದು ಬರೆಯೋಣ. ಬಣ್ಣವೊಂದನ್ನೇ ನಂಬಿದರೆ ಕಪ್ಪು ಬಿಳುಪಿನ ಪ್ರತಿಯಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಕೊನೆಯ ಚುಕ್ಕೆಗೂ ತುಂಡುಗೆರೆಗೂ ಗಂಟು ಹಾಕಬಾರದು. ನಮ್ಮ ಉದಾಹರಣೆಯಲ್ಲಿ ಆರನೆಯ ದಿನ ಹೊಸ ರೇಖೆ 506ರಲ್ಲಿದೆ, ನಿಜವಾದ ಬೆಲೆ 490ರಲ್ಲಿ. 490ನ್ನು ನಾಳೆಯ 504ಕ್ಕೆ ಕೂಡಿಸಿದರೆ, ಇಳಿಯುತ್ತಿದೆಯೆಂದು ರೇಖೆ ಹೇಳುವಾಗ ಬೆಲೆ ಏರುತ್ತಿದೆಯೆಂದು ನೋಡುವವನಿಗೆ ತೋರುತ್ತದೆ. ಗೂಡು ಕಟ್ಟಿಟ್ಟುಕೊಂಡು ಕಾಯುವವನಿಗೆ ಈ ತಪ್ಪು ನೋಟವೇ ನಷ್ಟ.

ಹೊಸ ರೇಖೆ ಎಳೆದಾಗ ಹಳೆಯ 530ನ್ನು ಅಳಿಸಿಹಾಕುವ ಆಸೆಯಾಗುತ್ತದೆ. ಅಳಿಸಬಾರದು, ಮಸುಕಾದ ಗುರುತಾಗಿ ಅದು ಉಳಿಯಲಿ. 530 ಎಂದುಕೊಂಡ ದಿನ 490 ಬಂದಿತ್ತು, ಕಿಲೋಗೆ 40 ರೂಪಾಯಿಯ ಅಂತರ. ಇಂಥ ಅಂತರಗಳನ್ನು ತಿಂಗಳು ಕಾಲ ಬರೆದಿಟ್ಟು ನೋಡಿದರೆ, ನಾಳೆಯ ಗೆರೆಗೆ ಎಷ್ಟು ಬೆಲೆ ಕೊಡಬಹುದೆಂಬುದು ಆ ಪಟ್ಟಿಯಿಂದಲೇ ಗೊತ್ತಾಗುತ್ತದೆ.