ಒಂದೇ ದಿನದ ಶೂಟಿಂಗ್‌ಗೆ ಕಾಲ್‌ಶೀಟ್ ಬರೆಯೋದು ಹೀಗೆ

‘ನಾಯಕಿ ಕಾಲ್‌ಶೀಟ್ ಕೊಟ್ಟರು’ ಅಂತ ಸಿನಿಮಾ ಸುದ್ದಿಗಳಲ್ಲಿ ಓದುತ್ತೇವಲ್ಲ, ಅಲ್ಲಿ ಆ ಪದಕ್ಕೆ ಡೇಟ್ಸ್ ಅಂತಷ್ಟೇ ಅರ್ಥ. ಸೆಟ್ಟಿನಲ್ಲಿ ಕಾಲ್‌ಶೀಟ್ ಅಂದರೆ ಶೂಟಿಂಗ್‌ನ ಹಿಂದಿನ ದಿನ ಎಲ್ಲರ ಕೈಸೇರುವ ಹಾಳೆ. ಯಾವ ಸೀನ್ ಯಾವಾಗ, ಯಾರು ಎಷ್ಟು ಹೊತ್ತಿಗೆ ಬರಬೇಕು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಆಫೀಸಿನ ಗೆಳೆಯರೆಲ್ಲ ಸೇರಿ ಭಾನುವಾರ ಕಿರುಚಿತ್ರ ಮಾಡುವವರಿಗೆ ಕ್ಯಾಮೆರಾಗಿಂತ ಮೊದಲು ಬೇಕಾಗುವುದು ಇದೇ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಒಂದು ಹಳೇ ಮನೆ, ಐದು ಪುಟದ ಸ್ಕ್ರಿಪ್ಟ್, ಆರು ಸೀನ್. ಅಮ್ಮ ಬಾಗಿಲಲ್ಲಿ ರಂಗೋಲಿ ಹಾಕುತ್ತಾರೆ (1). ಅಡುಗೆಮನೆಯಲ್ಲಿ ಅಮ್ಮ, ಮಗನ ಮಾತು (2). ಮಗ ಗೇಟು ದಾಟಿ ಆಫೀಸಿಗೆ ಹೊರಡುತ್ತಾನೆ (3). ಸಂಜೆ ತಾರಸಿಯಲ್ಲಿ ಅಮ್ಮ ಮತ್ತು ಪಕ್ಕದ ಮನೆಯ ಹುಡುಗಿ (4). ರಾತ್ರಿ ಹಾಲ್‌ನಲ್ಲಿ ಅಮ್ಮ, ಮಗ (5). ಕೊನೆಗೆ ಅದೇ ಹಾಲ್‌ನಲ್ಲಿ ಮಗ ಒಬ್ಬನೇ ಫೋನಿನಲ್ಲಿ (6).

ಕಥೆಯ ಕ್ರಮವನ್ನು ಮರೆತುಬಿಡಿ. ಯಾವುದನ್ನು ಜರುಗಿಸಲು ಸಾಧ್ಯವಿಲ್ಲವೋ ಅದನ್ನು ಮೊದಲು ಹಾಳೆಗೆ ಇಳಿಸಿ. ಇಲ್ಲಿ ಅದು ಸೂರ್ಯ. ಜನವರಿಯಲ್ಲಿ ಬೆಂಗಳೂರಿನ ಸೂರ್ಯೋದಯ ಸುಮಾರು 6.45ಕ್ಕೆ, ಸೂರ್ಯಾಸ್ತ 6.10ರ ಆಸುಪಾಸು. ಹಾಗಾಗಿ ರಂಗೋಲಿ ಸೀನ್ 6.50ಕ್ಕೆ, ತಾರಸಿ ಸೀನ್ 5 ಗಂಟೆಗೆ. ಇವೆರಡೂ ಕದಲುವುದಿಲ್ಲ. ರಂಗೋಲಿಯನ್ನು ಪ್ರತಿ ಟೇಕ್‌ಗೂ ತೊಳೆದು ಹೊಸದಾಗಿ ಹಾಕಬೇಕು, ನೆಲ ಒಣಗಬೇಕು. ಸ್ಕ್ರಿಪ್ಟಿನಲ್ಲಿ ನಾಲ್ಕೇ ಸಾಲು ಇದ್ದರೂ ಅದಕ್ಕೆ ಒಂದು ಗಂಟೆ ಕೊಡಿ.

ಮಿಕ್ಕ ಸೀನ್‌ಗಳು ನಡುವೆ ಕೂರಬೇಕು. 8.30ಕ್ಕೆ ಅಡುಗೆಮನೆ. ಅದೇ ಶರ್ಟಿನಲ್ಲಿ ಮಗ ಹೊರಡುವ ಗೇಟಿನ ಸೀನ್ 10.45ಕ್ಕೆ. ಎಲ್ಲರೂ ಗೇಟಿನ ಬಳಿ ಇರುವಾಗ ಇಬ್ಬರು ಒಳಗೆ ಹಾಲ್‌ನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಬಿಟ್ಟರೆ ಹಾಡಹಗಲಲ್ಲೇ ರಾತ್ರಿ ಸಿದ್ಧ. (ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ಯಾರಲಲ್ ಪ್ರೊಸೆಸಿಂಗ್!) ಸೀನ್ 5 ಹನ್ನೆರಡಕ್ಕೆ, 1.15ಕ್ಕೆ ಊಟ, 2ಕ್ಕೆ ಸೀನ್ 6, ಅದು ಮುಗಿಯೋದು 3.30ಕ್ಕೆ. ತಾರಸಿಗೆ ಮುಂಚೆ ಒಂದೂವರೆ ಗಂಟೆ ಖಾಲಿ ಉಳಿಯಿತಲ್ಲ, ಅದನ್ನು ತುಂಬಿಸಬೇಡಿ. ಬೆಳಿಗ್ಗೆಯಿಂದ ಸೇರಿಕೊಂಡು ಬಂದ ತಡವೆಲ್ಲ ಅಲ್ಲೇ ಕರಗಬೇಕು.

ಮೂರನೇ ಸೀನ್ ಮೊದಲು ಬಸ್‌ಸ್ಟಾಪಿನಲ್ಲಿ ಇತ್ತು ಅಂದುಕೊಳ್ಳಿ. ಸಾಮಾನು ಕಟ್ಟಿ, ಸಾಗಿಸಿ, ಅಲ್ಲಿ ಮತ್ತೆ ಜೋಡಿಸಲು ಒಂದು ಗಂಟೆ, ವಾಪಸ್ ಬರಲು ಇನ್ನೊಂದು. ಸಾರ್ವಜನಿಕ ಜಾಗದ ಅನುಮತಿ ಬೇರೆ. ಆಗ ಮೇಲಿನ ಖಾಲಿ ಸಮಯವೂ ಹೋಗಿ, ಸೀನ್ 6 ತಾರಸಿಯ ಬೆಳಕನ್ನು ತಿನ್ನುತ್ತದೆ. ಹಾಳೆಯಲ್ಲಿ ಇದು ಕಂಡ ತಕ್ಷಣ ಬರಹಗಾರರ ಜತೆ ಕೂತು ಸೀನನ್ನು ಗೇಟಿಗೆ ತರುವುದೇ ಜಾಣತನ. ಶೂಟಿಂಗ್ ದಿನ ಆ ಚರ್ಚೆಗೆ ಸಮಯ ಇರಲ್ಲ.

ಕಲಾವಿದರ ಸಮಯವನ್ನು ಶಾಟ್‌ನಿಂದ ಹಿಂದಕ್ಕೆ ಎಣಿಸಬೇಕು. ಅಮ್ಮನ ಪಾತ್ರದವರಿಗೆ 6.50ಕ್ಕೆ ಶಾಟ್. ಸೀರೆ, ಮೇಕಪ್‌ಗೆ 45 ನಿಮಿಷ, ರಿಹರ್ಸಲ್‌ಗೆ 20. ಅಂದ್ರೆ ಅವರು 5.45ಕ್ಕೆ ಮನೆಯಲ್ಲಿರಬೇಕು. ದಾರಿ ಅರ್ಧ ಗಂಟೆಯಾದರೆ ಕ್ಯಾಬ್ 5.15ಕ್ಕೆ. ಈ ಎಲ್ಲ ಸಮಯವನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಬರೀ ‘6.50’ ಅಂತ ಇದ್ದರೆ ಜನ 6.50ಕ್ಕೇ ಬಂದು ಇಳಿಯುತ್ತಾರೆ. ಸೀನ್ 5 ಆದಮೇಲೆ ಸಂಜೆವರೆಗೆ ಅವರಿಗೆ ಕೆಲಸವಿಲ್ಲ, ಅಲ್ಲಿ ‘ವಿಶ್ರಾಂತಿ, ಹಿಂದಿನ ಕೋಣೆ’ ಅಂತ ಸೇರಿಸಿ. ಮಗನ ಪಾತ್ರದವರು 7.30ಕ್ಕೆ ಬಂದರೆ ಸಾಕು.

ಹುಡುಗಿಯನ್ನು ಬೆಳಿಗ್ಗೆಯೇ ಕರೆಸಿ ಕೂರಿಸುವುದು ಬೇಡವೇ ಬೇಡ. ಅವಳಿಗೆ 4 ಗಂಟೆ, ತಾಯಿಯ ಜತೆ. ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ ಸತತ 3 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳು ಹೇಳುತ್ತವೆ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕು, ಅದನ್ನು ಕೆಲವು ವಾರ ಮೊದಲೇ ನೋಡಿಕೊಳ್ಳಿ. 6.15ಕ್ಕೆ ಅವಳು ಹೊರಡುತ್ತಾಳೆ ಎಂಬುದನ್ನೂ ಕಾಲ್‌ಶೀಟಿನಲ್ಲೇ ಬರೆದರೆ ‘ಇನ್ನೊಂದೇ ಟೇಕ್’ ಅನ್ನುವವರು ಸುಮ್ಮನಾಗುತ್ತಾರೆ.

ಇನ್ನು ಸಂಪರ್ಕ ಸಂಖ್ಯೆಗಳು. ಎಲ್ಲರ ನಂಬರ್ ಹಾಕುವ ಆಸೆ ಬಿಡಿ. ವಾಟ್ಸ್‌ಆಪ್‌ನಲ್ಲಿ ಹೋದ ಪಿಡಿಎಫ್ ಎಲ್ಲಿಗೆ ಫಾರ್ವರ್ಡ್ ಆಗುತ್ತದೋ ಹೇಳಲಾಗದು, ಹಾಗಾಗಿ ಕಲಾವಿದರ ಮತ್ತು ಮಗುವಿನ ಮನೆಯವರ ನಂಬರ್ ಸಹಾಯಕ ನಿರ್ದೇಶಕರ ಬಳಿ ಮಾತ್ರ ಇರಲಿ. ಹಾಳೆಯ ತಲೆಯಲ್ಲಿ ‘ತಡವಾದರೆ ಇವರಿಗೆ’ ಎಂದು ಸಹಾಯಕ ನಿರ್ದೇಶಕರ ಒಂದೇ ನಂಬರ್. ಕೆಳಗೆ ಕ್ಯಾಮೆರಾ, ಸೌಂಡ್, ಊಟದ ವ್ಯವಸ್ಥೆ ನೋಡುವವರು, ಒಪ್ಪಿಗೆ ಇದ್ದರೆ ಮನೆಯ ಮಾಲೀಕರು. ಹತ್ತಿರದ ಆಸ್ಪತ್ರೆಯ ಹೆಸರು ಹಾಕುವ ಮೊದಲು ಭಾನುವಾರವೂ ಎಮರ್ಜೆನ್ಸಿ ತೆರೆದಿರುತ್ತದಾ ಅಂತ ಕೇಳಿ. ಮ್ಯಾಪ್ ಲಿಂಕಿನ ಜತೆ ಗುರುತನ್ನೂ ಬರೆಯಿರಿ. ಬೆಳಗಿನ ಕತ್ತಲಲ್ಲಿ ‘ಹಾಲಿನ ಬೂತ್ ಎದುರಿನ ಹಸಿರು ಗೇಟ್’ ಅನ್ನೋದು ಪಿನ್‌ಗಿಂತ ಬೇಗ ಸಿಗುತ್ತದೆ.

ಹಿಂದಿನ ಸಂಜೆ 7ರೊಳಗೆ ಪಿಡಿಎಫ್ ಕಳಿಸಿ. ಎಡಿಟ್ ಆಗುವ ಶೀಟ್ ಬೇಡ, ಅರ್ಧ ಜನ ಅದರ ಹಳೇ ಸ್ಕ್ರೀನ್‌ಶಾಟ್ ನೋಡಿಕೊಂಡೇ ಬರುತ್ತಾರೆ. ಆಮೇಲೆ ಏನಾದರೂ ಬದಲಾದರೆ ಫೈಲಿನ ಹೆಸರಲ್ಲೇ ‘ಆವೃತ್ತಿ 2, ರಾತ್ರಿ 9.10’ ಅಂತ ಹಾಕಿ, ಬದಲಾದ ಸಾಲಿಗೆ ಹಳದಿ ಬಣ್ಣ ಕೊಟ್ಟು ಮತ್ತೆ ಕಳಿಸಿ. ಬರೀ ಥಂಬ್ಸ್ ಅಪ್ ಒತ್ತಿದವರಿಗೆ ಒಂದು ಕಾಲ್ ಮಾಡಿ, ‘ನಾಳೆ ಎಷ್ಟು ಗಂಟೆಗೆ ಬರ್ತೀರಿ?’ ಅಂತ ಅವರ ಬಾಯಲ್ಲೇ ಹೇಳಿಸಿ.